ಬುಧವಾರದ ಕೂಟ: ಬಿನ್ನಹ ಸುದ್ದಿಯಾಗದಿರಲಿ

ಬುಧವಾರ ಸಂಜೆ ಆರೂವರೆ. ದೇವಾಲಯದ ಮುಂದಿನ ಎರಡು ಬೆಂಚುಗಳಲ್ಲಿ ಹತ್ತು ಹನ್ನೆರಡು ಜನ. ಸಭಾಪಾಲಕರು ಬೇರೆ ಊರಿಗೆ ಹೋಗಿದ್ದರೆ ಕೂಟ ನಡೆಸುವ ಹೊಣೆ ಸಭೆಯವರೊಬ್ಬರ ಮೇಲೆ ಬೀಳುತ್ತದೆ. ಇಂಥ ಕೂಟಕ್ಕೆ 45 ನಿಮಿಷ ಸಾಕು. ಹಾಡಿಗೆ 5, ಸತ್ಯವೇದ ವಾಚನಕ್ಕೂ ಅದರ ಮೇಲಿನ ನಾಲ್ಕು ಮಾತಿಗೂ 10, ಕೃತಜ್ಞತಾ ಸ್ತುತಿಗೆ 5, ಪರರಿಗಾಗಿ ಮಾಡುವ ಬಿನ್ನಹಕ್ಕೆ 20, ಕೊನೆಗೆ ಕರ್ತನ ಪ್ರಾರ್ಥನೆಗೂ ಆಶೀರ್ವಾದಕ್ಕೂ 5.

ಕೂಟ ಹದ ತಪ್ಪುವುದು ಹೆಚ್ಚಾಗಿ ಆ 20 ನಿಮಿಷಗಳಲ್ಲಿ. ಒಬ್ಬ ಸಹೋದರಿಗೆ ಆಪರೇಷನ್ ಆಗಿದೆ ಎನ್ನಿ. ಯಾವ ಆಸ್ಪತ್ರೆ, ಯಾವ ಕಾಯಿಲೆ, ಎಷ್ಟು ಖರ್ಚು ಎಂದೆಲ್ಲ ದೇವರಿಗೆ ವಿವರಿಸುತ್ತ ಹೋದರೆ ಅದು ಕುಳಿತವರಿಗೆ ಹೇಳುವ ಸುದ್ದಿಯಾಗುತ್ತದೆ. ಬಿನ್ನಹಕ್ಕೆ ಎರಡೇ ಮಾತು ಸಾಕು: "ಕರ್ತನೇ, ಆಪರೇಷನ್ ಆಗಿ ಮನೆಗೆ ಬಂದಿರುವ ನಮ್ಮ ಸಹೋದರಿಯ ನೋವನ್ನು ತಗ್ಗಿಸು. ರಾತ್ರಿಯೆಲ್ಲ ಆಕೆಯ ಪಕ್ಕದಲ್ಲಿ ಕೂರುವವರಿಗೆ ಬಲ ಕೊಡು." ಆಮೇಲೆ ಹತ್ತು ಎಣಿಸುವಷ್ಟು ಹೊತ್ತು ಮೌನ. ಬಳಿಕ ಎಲ್ಲರೂ ಒಟ್ಟಿಗೆ, "ಕರ್ತನೇ, ನಮ್ಮ ಮೊರೆ ಕೇಳು." ಓದು ಬಾರದವರಿಗೂ ಈ ಮರುನುಡಿ ಬಾಯಿಗೆ ಬರುತ್ತದೆ, ಗಟ್ಟಿಯಾಗಿ ಪ್ರಾರ್ಥಿಸಲು ಅಂಜುವವರಿಗೂ ಪಾಲು ಸಿಗುತ್ತದೆ. ಸಾಲಾಗಿ ಒಬ್ಬೊಬ್ಬರೂ ಪ್ರಾರ್ಥಿಸಲೇಬೇಕು ಎಂದರೆ ಅಂಥವರು ಮುಂದಿನ ವಾರ ಬರುವುದಿಲ್ಲ.

ಹೆಸರು ಹೇಳುವ ಮೊದಲು ಆ ಮನೆಯವರ ಒಪ್ಪಿಗೆ ಕೇಳಬೇಕು. ಮಕ್ಕಳಾಗದ ದಂಪತಿ, ಗಂಡನ ಕುಡಿತದಿಂದ ನೊಂದವರು, ಕೆಲಸ ಕಳೆದುಕೊಂಡವರು ತಮ್ಮ ಕಷ್ಟ ಹತ್ತು ಜನರ ಮುಂದೆ ಬರುವುದನ್ನು ಬಯಸದಿರಬಹುದು. ಆಗ "ಮನೆಯಲ್ಲಿ ಸಮಾಧಾನಕ್ಕಾಗಿ ಕಾದಿರುವವರು" ಎಂದರೆ ಸಾಕು. "ಅವರಿಗೆ ಒಳ್ಳೆಯ ಬುದ್ಧಿ ಕೊಡು" ಎಂದು ಬಾಯಿಗೆ ಬಂದರೆ ನಾವು ಬಿನ್ನಹ ಬಿಟ್ಟು ಉಪದೇಶಕ್ಕೆ ಇಳಿದಿದ್ದೇವೆ ಎಂದೇ ತಿಳಿಯಬೇಕು. "ನಮ್ಮೆಲ್ಲರಿಗೂ" ಎಂದೊಡನೆ ಹೇಳುವವರೂ ಅದರೊಳಗೆ ಸೇರುತ್ತಾರೆ.

ತಿಮೊಥೆಯನಿಗೆ ಬರೆದ ಮೊದಲ ಪತ್ರದ 2ನೇ ಅಧ್ಯಾಯದಲ್ಲಿ ಪೌಲನು ಎಲ್ಲ ಮನುಷ್ಯರಿಗಾಗಿ, ಅಧಿಕಾರದಲ್ಲಿರುವವರಿಗಾಗಿ ಬಿನ್ನಹ ಮಾಡಬೇಕೆನ್ನುತ್ತಾನೆ. ಆದ್ದರಿಂದ ಊರಿನಿಂದಲೇ ಆರಂಭಿಸಬಹುದು: ಮಳೆಗೆ ಕಾದ ರೈತರು, ಪಂಚಾಯ್ತಿಯವರು, ಪಕ್ಕದ ಬೀದಿಯ ಬೇರೆ ಧರ್ಮದ ನೆರೆಯವರು. ಆಮೇಲೆ ಸಭೆ, ರೋಗಿಗಳು, ದುಃಖದಲ್ಲಿರುವವರು. ಈ ಕ್ರಮವಿದ್ದರೆ ನಮ್ಮ ಮನೆಗಳ ಚಿಂತೆಯೇ ಇಡೀ ಸಂಜೆಯನ್ನು ತುಂಬುವುದಿಲ್ಲ.

ಆಶೀರ್ವಾದದಲ್ಲೂ ಒಂದು ಸೂಕ್ಷ್ಮವಿದೆ. ಸಭಾಪಾಲಕರು ಕೃಪೆಯು "ನಿಮ್ಮೊಂದಿಗೆ" ಇರಲಿ ಎನ್ನುತ್ತಾರೆ. ಸಭೆಯವರೇ ನಡೆಸುವಾಗ "ನಮ್ಮೊಂದಿಗೆ" ಎನ್ನುವುದು ವಾಡಿಕೆ.

ಬಿನ್ನಹದ ವಿಷಯಗಳನ್ನು ಒಂದು ಪುಟ್ಟ ಪುಸ್ತಕದಲ್ಲಿ ತಾರೀಕಿನೊಂದಿಗೆ ಬರೆದಿಡಿ. ಮುಂದಿನ ಬುಧವಾರ ಅದನ್ನೇ ತೆರೆದು "ಅಕ್ಕ ಹೇಗಿದ್ದಾರೆ?" ಎಂದು ಕೇಳಿ. ಚೇತರಿಸಿಕೊಂಡಿದ್ದರೆ ಆ ವಾರದ ಸ್ತುತಿ ಅಲ್ಲಿಂದಲೇ ಶುರುವಾಗುತ್ತದೆ. ಇಲ್ಲದಿದ್ದರೆ ಅವರ ಹೆಸರು ಹೊಸ ಪುಟಕ್ಕೂ ಬರುತ್ತದೆ.