ಮೊದಲು ಕುತೂಹಲ, ಆಮೇಲೆ ಸದ್ದು, ಕೊನೆಗೆ ನೆನಪು

ಬನ್ನೂರು ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಅಲ್ಲಿನ ಕುರಿ. ಆದರೆ ಕಾವೇರಿ ನಾಲೆಯ ನೀರುಂಡ ಆ ಸೀಮೆಯಲ್ಲಿ ಭತ್ತವೂ ಉಂಟು, ಕಬ್ಬೂ ಉಂಟು. ಕಬ್ಬಿರುವಲ್ಲಿ ಆಲೆಮನೆ, ಆಲೆಮನೆಯಿರುವಲ್ಲಿ ಬೆಲ್ಲ. ಅಲ್ಲಿನ ನಾಲ್ಕಾರು ಬೆಳೆಗಾರರು ಸೇರಿ ಅಚ್ಚುಬೆಲ್ಲದ ಬದಲು ಪುಡಿ ಬೆಲ್ಲ ತಯಾರಿಸಿ, ಅರ್ಧ ಕಿಲೋ ಪೊಟ್ಟಣದಲ್ಲಿ ಮೈಸೂರು, ತಿರುಮಕೂಡಲು ನರಸೀಪುರ, ನಂಜನಗೂಡುಗಳ ಅಂಗಡಿಗಳಿಗೆ ಕೊಡಲು ಹೊರಟರು ಎಂದುಕೊಳ್ಳಿ. ಪ್ರಚಾರಕ್ಕೆ ಅವರ ಕೈಯಲ್ಲಿರುವುದು 3 ಲಕ್ಷ ರೂಪಾಯಿ. ಇದನ್ನು ಯಾವಾಗ, ಎಷ್ಟೆಷ್ಟು ಖರ್ಚು ಮಾಡಬೇಕು? ವಾಣಿಜ್ಯ ವಿದ್ಯಾರ್ಥಿಗಳು ‘ಮಾಧ್ಯಮ ಯೋಜನೆ’ ಎಂದು ಓದುವ ಪಾಠದ ತಿರುಳೇ ಈ ಪ್ರಶ್ನೆ. ಉದಾಹರಣೆ ಕಲ್ಪಿತವಾದರೂ ಲೆಕ್ಕ ಮಾತ್ರ ಕಲ್ಪಿತವಲ್ಲ.

ಹೊಸ ಸರಕಿನ ಪ್ರಚಾರಕ್ಕೆ ಸಾಮಾನ್ಯವಾಗಿ ಮೂರು ಹಂತ. ಸರಕು ಬರುವ ಮುನ್ನ ಕುತೂಹಲ ಕೆರಳಿಸುವುದು ಟೀಸರ್. ಸರಕು ಅಂಗಡಿಗೆ ಬಂದಾಗ ಹೆಸರು, ಬೆಲೆ, ಉಪಯೋಗ ಎಲ್ಲವನ್ನೂ ಗಟ್ಟಿಯಾಗಿ ಸಾರುವುದು ಬಿಡುಗಡೆ. ಒಮ್ಮೆ ಕೊಂಡವರು ಮರೆಯದಂತೆ ಆಗಾಗ ನೆನಪಿಸುವುದು ಮೂರನೆಯ ಹಂತ.

ಪುಡಿ ಬೆಲ್ಲಕ್ಕೆ ಸಂಕ್ರಾಂತಿಗಿಂತ ಒಳ್ಳೆಯ ಮುಹೂರ್ತ ಸಿಗದು. ಅಂದು ಸಿಹಿ ಪೊಂಗಲ್ ಮಾಡದ ಮನೆಗಳು ಈ ಕಡೆ ಕಡಿಮೆ. ಆದ್ದರಿಂದ ಡಿಸೆಂಬರ್ ಕೊನೆಯ ಎರಡು ವಾರ ಟೀಸರ್, ಜನವರಿಯ ನಾಲ್ಕು ವಾರ ಬಿಡುಗಡೆ, ಅಲ್ಲಿಂದ ಯುಗಾದಿಯ ಆಸುಪಾಸಿನವರೆಗೆ ಹತ್ತು ವಾರ ನೆನಪಿನ ಹಂತ. ಒಟ್ಟು 16 ವಾರ. ಹಣದಲ್ಲಿ ಟೀಸರ್‌ಗೆ ಶೇ. 10, ಅಂದರೆ 30,000 ರೂಪಾಯಿ, ಬಿಡುಗಡೆಗೆ ಶೇ. 50, ಅಂದರೆ 1,50,000. ನೆನಪಿನ ಹಂತಕ್ಕೆ ಶೇ. 30, ಅಂದರೆ 90,000. ಉಳಿದ ಶೇ. 10, ಅಂದರೆ 30,000 ರೂಪಾಯಿಯನ್ನು ಯಾವ ಹಂತಕ್ಕೂ ಹಂಚದೆ ಕೈಕಾವಲಿಗೆ ಇಟ್ಟುಕೊಳ್ಳಬೇಕು. ಈ ಪ್ರಮಾಣ ಶಾಸ್ತ್ರವಾಕ್ಯವೇನಲ್ಲ. ಆದರೆ ಪ್ರತಿಯೊಂದು ಅಂಕಿಗೂ ಒಂದು ಕಾರಣವಿದೆ.

ಟೀಸರ್ ಏಕೆ ಚಿಕ್ಕದು?

ಟೀಸರ್ ಕಂಡವನಿಗೆ ಕೊಳ್ಳಲು ಏನೂ ಇರುವುದಿಲ್ಲ. ಅಲ್ಲಿ ಸುರಿದ ಹಣ ಆಸೆ ಹುಟ್ಟಿಸಬಹುದೇ ಹೊರತು ಒಂದು ಪೊಟ್ಟಣವನ್ನೂ ಮಾರಿಸದು. ನಮ್ಮ ಉದಾಹರಣೆಯಲ್ಲಿ ಗೋಡೆಯ ಭಿತ್ತಿಪತ್ರಗಳೂ ಬಸ್ಸಿನ ಹಿಂಬದಿಯ ಫಲಕಗಳೂ ಸಾಕು: ‘ಈ ಸಂಕ್ರಾಂತಿಗೆ ಬೆಲ್ಲ ಕುಟ್ಟಬೇಡಿ!’ ಕೆಳಗೆ, ‘ಜನವರಿ 1ಕ್ಕೆ ಹೇಳುತ್ತೇವೆ’. ಈ ಮಾತಿನಲ್ಲಿ ಸರಕಿನ ಗುಣವೇ ಒಗಟಾಗಿದೆ. ಸರಕಿಗೆ ಸಂಬಂಧವೇ ಇಲ್ಲದ ಒಗಟು ಹಾಕಿದರೆ ಜನ ಒಗಟನ್ನು ನೆನಪಿಡುತ್ತಾರೆ, ಸರಕನ್ನು ಮರೆಯುತ್ತಾರೆ.

ನಂಜನಗೂಡಿಗೆ ನಂಟಿರುವ ಒಂದು ದೊಡ್ಡ ಪ್ರಸಂಗವನ್ನು ಇಲ್ಲಿ ನೋಡಬಹುದು. 2015ರ ಜೂನ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಮ್ಯಾಗಿ ನೂಡಲ್ಸನ್ನು ಮಾರುಕಟ್ಟೆಯಿಂದ ಹಿಂತೆಗೆಸಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿ, ಹೊಸದಾಗಿ ಪರೀಕ್ಷೆ ಮಾಡಿಸಲು ಹೇಳಿತು. ಅಂಗಡಿಯಲ್ಲಿ ಒಂದು ಪೊಟ್ಟಣವೂ ಇಲ್ಲದ ಆ ದಿನಗಳಲ್ಲೇ ನೆಸ್ಲೆ ಕಂಪನಿ, ಮ್ಯಾಗಿಯಿಲ್ಲದೆ ಪರದಾಡುವ ಯುವಕರ ಕಿರುಚಿತ್ರಗಳನ್ನು ಹೊರಬಿಟ್ಟಿತು. ಮುಂದೆ ನಂಜನಗೂಡು, ಪಂಜಾಬಿನ ಮೋಗಾ, ಗೋವಾದ ಬಿಚೋಲಿಂ ಕಾರ್ಖಾನೆಗಳಲ್ಲಿ ಹೊಸ ಸರಕು ತಯಾರಾಗಿ, ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ನವೆಂಬರ್ 9ರಂದು, ದೀಪಾವಳಿಯ ಹೊಸ್ತಿಲಲ್ಲಿ, ಮಾರಾಟ ಮತ್ತೆ ಶುರುವಾಯಿತು.

ಇಲ್ಲಿ ಟೀಸರ್ ಎರಡು ತಿಂಗಳಿಗೂ ಮೀರಿ ಎಳೆದರೂ ಕೆಡಲಿಲ್ಲ. ಏಕೆಂದರೆ ಅದು ಹೊಸ ಸರಕಲ್ಲ. 1983ರಿಂದ ಭಾರತದಲ್ಲಿ ಪರಿಚಿತವಾಗಿದ್ದ ಹೆಸರು. ಜನ ಕಾಯುತ್ತಿದ್ದದ್ದು ತಮಗೆ ಗೊತ್ತಿದ್ದ ರುಚಿಗೆ. ಹೆಸರೇ ಕೇಳಿರದ ಪುಡಿ ಬೆಲ್ಲಕ್ಕೆ ಯಾರೂ ಎರಡು ತಿಂಗಳು ಕಾಯುವುದಿಲ್ಲ. ಅದಕ್ಕೆ ಎರಡು ವಾರವೇ ಹೆಚ್ಚು.

ಬಿಡುಗಡೆಗೆ ಅರ್ಧ ಹಣ

ವಾರದ ಲೆಕ್ಕ ಹಾಕಿದರೆ ಹಂತಗಳ ತೂಕ ಸ್ಪಷ್ಟವಾಗುತ್ತದೆ. ಟೀಸರ್‌ನಲ್ಲಿ ವಾರಕ್ಕೆ 15,000 ರೂಪಾಯಿ, ಬಿಡುಗಡೆಯಲ್ಲಿ 37,500. ಇಷ್ಟು ಒತ್ತು ಏಕೆಂದರೆ ಜಾಹೀರಾತನ್ನು ಒಮ್ಮೆ ಕಂಡರೆ ಸಾಲದು. ಅಮೆರಿಕದ ಸಂಶೋಧಕ ಹರ್ಬರ್ಟ್ ಕ್ರುಗ್ಮನ್ 1972ರಲ್ಲಿ ಬರೆದ ಪ್ರಬಂಧದಲ್ಲಿ ಮೂರು ಸಲದ ವಾದ ಮಂಡಿಸಿದ. ಮೊದಲ ಸಲ ಮನಸ್ಸು ‘ಇದೇನು?’ ಎನ್ನುತ್ತದೆ. ಎರಡನೆಯ ಸಲ ‘ಇದರಿಂದ ನನಗೇನು?’ ಎನ್ನುತ್ತದೆ. ಮೂರನೆಯ ಸಲದಿಂದ ಮುಂದಿನದೆಲ್ಲ ನೆನಪಿಸುವಿಕೆ.

ಆದ್ದರಿಂದ ಯೋಜಕರು ಎರಡು ಅಂಕಿ ನೋಡುತ್ತಾರೆ: ಎಷ್ಟು ಮನೆಗಳಿಗೆ ತಲುಪಿತು, ಸರಾಸರಿ ಎಷ್ಟು ಸಲ ತಲುಪಿತು. 12,000 ಮನೆಗಳಿಗೆ ಒಂದೊಂದು ಸಲ ಎಂದರೂ 3,000 ಮನೆಗಳಿಗೆ ನಾಲ್ಕು ನಾಲ್ಕು ಸಲ ಎಂದರೂ ಗುಣಾಕಾರ ಒಂದೇ. ಆದರೆ ಮೊದಲನೆಯದರಲ್ಲಿ ಎಲ್ಲರೂ ‘ಇದೇನು?’ ಎನ್ನುವಲ್ಲಿಗೇ ನಿಲ್ಲುತ್ತಾರೆ. ಹಣ ಕಡಿಮೆಯಿದ್ದವರು ಇಡೀ ಜಿಲ್ಲೆಗೆ ಕೈಚಾಚುವ ಬದಲು ಕೆಲವೇ ಬಡಾವಣೆ, ಕೆಲವೇ ಪೇಟೆಗಳನ್ನು ಆರಿಸಿಕೊಂಡು ಅಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಲೇಸು. ಮೈಸೂರು ಆಕಾಶವಾಣಿಯ ಜಾಹೀರಾತು, ದಿನಪತ್ರಿಕೆಯ ಸ್ಥಳೀಯ ಪುಟ, ಆಟೋದ ಧ್ವನಿವರ್ಧಕ, ಸಂತೆಯಲ್ಲಿ ರುಚಿ ತೋರಿಸುವ ಮೇಜು, ಎಲ್ಲವೂ ಅದೇ ಜನಕ್ಕೆ ಅದೇ ವಾರಗಳಲ್ಲಿ ಮುಟ್ಟಬೇಕು.

ಎರಡನೆಯ ಪೊಟ್ಟಣದ ಹಣ

ಎಡವುವುದು ಬಹುಪಾಲು ಇಲ್ಲಿಯೇ. ಬಿಡುಗಡೆಯ ಗದ್ದಲದಲ್ಲಿ ಮಾರಾಟ ಏರುತ್ತಿರುವಾಗ ಮೂರನೆಯ ಹಂತದ ಹಣಕ್ಕೂ ಕೈ ಹಾಕುವ ಆಸೆಯಾಗುತ್ತದೆ. ಆದರೆ ಅರ್ಧ ಕಿಲೋ ಬೆಲ್ಲ ಒಂದು ಮನೆಗೆ ಮೂರು ನಾಲ್ಕು ವಾರ ಬರುತ್ತದೆ ಎಂದುಕೊಳ್ಳಿ. ಸಂಕ್ರಾಂತಿಗೆ ಕೊಂಡವರು ಮತ್ತೆ ಅಂಗಡಿಗೆ ಬರುವುದು ಫೆಬ್ರುವರಿಯಲ್ಲಿ. ಆಗ ಸದ್ದೆಲ್ಲ ಅಡಗಿದ್ದರೆ ಕೈ ಹಳೆಯ ಅಚ್ಚುಬೆಲ್ಲದ ಕಡೆಗೇ ಹೋಗುತ್ತದೆ. ವ್ಯಾಪಾರ ನಿಲ್ಲುವುದು ಮೊದಲ ಪೊಟ್ಟಣದಿಂದಲ್ಲ, ಎರಡನೆಯದರಿಂದ. ಅದಕ್ಕೇ 90,000 ರೂಪಾಯಿಯನ್ನು ಮೊದಲ ದಿನವೇ ಬೇರೆ ತೆಗೆದಿಡಬೇಕು.

ಈ ಹಣವನ್ನು ಹತ್ತು ವಾರಕ್ಕೂ ಸಮನಾಗಿ ಹರಡಿದರೆ ವಾರಕ್ಕೆ 9,000 ಮಾತ್ರ. ಯಾರ ಕಣ್ಣಿಗೂ ಬೀಳದು. ಮನೆಗಳಲ್ಲಿ ತಿಂಗಳ ದಿನಸಿ ತರುವುದು ಹೆಚ್ಚಾಗಿ ಮೊದಲ ವಾರದಲ್ಲಿ. ಫೆಬ್ರುವರಿ, ಮಾರ್ಚ್, ಏಪ್ರಿಲ್‌ಗಳ ಮೊದಲ ವಾರ, ಜೊತೆಗೆ ಬೇವು–ಬೆಲ್ಲದ ಯುಗಾದಿಗೆ ಮುಂಚಿನ ವಾರ, ಹೀಗೆ ನಾಲ್ಕು ವಾರಗಳಿಗೆ 22,500ರಂತೆ ಹಾಕಿ ಉಳಿದ ವಾರ ಸುಮ್ಮನಿರಬಹುದು. ಯುಗಾದಿಯೂ ತಿಂಗಳ ಮೊದಲಿಗೇ ಬಂದ ವರ್ಷ ಒಂದು ಕಂತು ಮಾರ್ಚ್ ನಡುವಿಗೆ ಸರಿಯುತ್ತದೆ.

ಕೆಟ್ಟದ್ದು ತಿಳಿಯುವುದು ಹೇಗೆ?

ಇಪ್ಪತ್ತು ಅಂಗಡಿಗಳಲ್ಲಿ ವಾರವಾರವೂ ಎಷ್ಟು ಪೊಟ್ಟಣ ಹೋಯಿತೆಂದು ಬರೆದಿಟ್ಟ ಒಂದು ನೋಟ್‌ಬುಕ್ ಸಾಕು. ಜನ ಬಂದು ಕೇಳುತ್ತಿದ್ದಾರೆ, ಅಂಗಡಿಯಲ್ಲಿ ಸರಕಿಲ್ಲ ಎಂದಾದರೆ ತಪ್ಪು ಪ್ರಚಾರದ್ದಲ್ಲ, ಸಾಗಣೆಯದು. ಆಗ ಜಾಹೀರಾತು ತಡೆದು, ಕೈಕಾವಲಿನ ಹಣದಿಂದ ಬಿಡುಗಡೆಯನ್ನು ಮುಂದೂಡಬೇಕು. ಜನವರಿಯಲ್ಲಿ ಏರಿದ ಮಾರಾಟ ಫೆಬ್ರುವರಿಯಲ್ಲಿ ಕುಸಿದರೆ ಒಮ್ಮೆ ಕೊಂಡವರನ್ನೇ ವಿಚಾರಿಸಬೇಕು. ಹೆಸರು ಮರೆತಿದ್ದರೆ ನೆನಪಿನ ಹಂತಕ್ಕೆ ಇನ್ನಷ್ಟು ಹಣ ಬೇಕು. ಹೆಸರು ನೆನಪಿದ್ದೂ ಮತ್ತೆ ಕೊಳ್ಳದಿದ್ದರೆ ರುಚಿಯಲ್ಲೋ ಬೆಲೆಯಲ್ಲೋ ತೊಡಕಿದೆ, ಅಥವಾ ತೇವ ತಗುಲಿ ಪುಡಿ ಗಟ್ಟಿಯಾಗಿದೆ. ಅಂಥ ಬೆಲ್ಲಕ್ಕೆ ಜಾಹೀರಾತು ಹೆಚ್ಚಿಸಿದಷ್ಟೂ ಅದು ಚೆನ್ನಾಗಿಲ್ಲವೆಂಬುದು ಹೆಚ್ಚು ಜನಕ್ಕೆ ಬೇಗ ತಿಳಿಯುತ್ತದೆ, ಅಷ್ಟೆ.