ಮುಗಿದ ಪ್ರಾಜೆಕ್ಟಿಗೆ ಬೀಗ ಹಾಕುವ ಮುನ್ನ

ಪ್ರಾಜೆಕ್ಟ್ ಮುಗಿದು ಎರಡು ವರ್ಷವಾದ ಮೇಲೆ ಒಂದು ದಿನ ಗ್ರಾಹಕರ ಕಡೆಯಿಂದ ಫೋನ್ ಬರುತ್ತದೆ. “ರಿಯಾಯಿತಿ ಲೆಕ್ಕವನ್ನು ಹೀಗೆ ಬದಲಾಯಿಸಿ ಅಂತ ಯಾರು ಹೇಳಿದ್ದು? ನಾವಂತೂ ಹೇಳಿಲ್ಲವಲ್ಲ!” ಸಾಫ್ಟ್‌ವೇರ್ ಕಂಪನಿಗಳಲ್ಲಿ ಇಂಥ ಪ್ರಶ್ನೆಗೆ ಉತ್ತರ ಸಿಗುವುದು ಟ್ರ್ಯಾಕರ್ ಎಂಬ ತಂತ್ರಾಂಶದಲ್ಲಿ. ಯಾವ ಕೆಲಸವನ್ನು ಯಾರು ಕೇಳಿದರು, ಯಾರು ಒಪ್ಪಿದರು, ಯಾವತ್ತು ಮುಗಿಯಿತು ಎಂಬುದೆಲ್ಲ ಅಲ್ಲಿ ಟಿಕೆಟ್‌ಗಳ ರೂಪದಲ್ಲಿ ದಾಖಲಾಗಿರುತ್ತದೆ. ಆದರೆ ಹುಡುಕಿದಾಗ ಟಿಕೆಟ್ ಸಿಗುವುದಿಲ್ಲ. ಯಾರೂ ಅದನ್ನು ಅಳಿಸಿಲ್ಲ. ಪ್ರಾಜೆಕ್ಟ್ ಮುಗಿದ ದಿನ ಅಚ್ಚುಕಟ್ಟಿಗೆಂದು ಯಾರೋ `Archive` ಗುಂಡಿ ಒತ್ತಿದ್ದಾರೆ, ಅಷ್ಟೇ.

ಈ ಗುಂಡಿಯ ಅರ್ಥ ಎಲ್ಲ ಕಡೆ ಒಂದೇ ಅಲ್ಲ. ಗಿಟ್‌ಹಬ್‌ನಲ್ಲಿ ಆರ್ಕೈವ್ ಮಾಡಿದ ರೆಪಾಸಿಟರಿಯನ್ನು ಬದಲಾಯಿಸಲು ಬರುವುದಿಲ್ಲ, ಓದಲು ಮತ್ತು ಹುಡುಕಲು ಅಡ್ಡಿಯಿಲ್ಲ. ಜಿರಾದಲ್ಲಿ ಆರ್ಕೈವ್ ಆದ ಪ್ರಾಜೆಕ್ಟಿನ ಟಿಕೆಟ್‌ಗಳು ಮಾಮೂಲಿ ಹುಡುಕಾಟದಿಂದಲೇ ಹೊರಗೆ ಹೋಗುತ್ತವೆ. ಉಚಿತವಾಗಿ ಸಿಗುವ, ಸಣ್ಣ ಕಂಪನಿಗಳು ತಮ್ಮದೇ ಸರ್ವರಿನಲ್ಲಿ ಹಾಕಿಕೊಳ್ಳಬಹುದಾದ ರೆಡ್‌ಮೈನ್‌ನಲ್ಲಿ ಎರಡು ಬೇರೆ ಬೇರೆ ಸ್ಥಿತಿಗಳಿವೆ: `Close` ಮತ್ತು `Archive`. ಈ ಎರಡರ ವ್ಯತ್ಯಾಸ ತಿಳಿದರೆ ಉಳಿದ ಟ್ರ್ಯಾಕರ್‌ಗಳಲ್ಲೂ ಏನು ಕೇಳಬೇಕೆಂದು ಗೊತ್ತಾಗುತ್ತದೆ. ಹಾಗಾಗಿ ರೆಡ್‌ಮೈನನ್ನೇ ಇಟ್ಟುಕೊಂಡು ನೋಡೋಣ.

`Close` ಮಾಡಿದ ಪ್ರಾಜೆಕ್ಟ್ ಗಾಜಿನ ಬೀರುವಿನಲ್ಲಿಟ್ಟ ಕಡತದಂತೆ: ಕಾಣುತ್ತದೆ, ಓದಬಹುದು, ಕೈಹಾಕುವಂತಿಲ್ಲ. ಮೊದಲಿನಿಂದ ಅದನ್ನು ನೋಡುವ ಹಕ್ಕಿದ್ದವರು ಈಗಲೂ ನೋಡಬಹುದು, ಹುಡುಕಿದರೆ ಟಿಕೆಟ್ ಸಿಗುತ್ತದೆ. `Archive` ಮಾಡಿದರೆ ಹಾಗಲ್ಲ. ಆ ಪ್ರಾಜೆಕ್ಟ್ ಅಡ್ಮಿನ್ ಪುಟದ ಪಟ್ಟಿಯಲ್ಲಿ ಮಾತ್ರ ಉಳಿಯುತ್ತದೆ. ಹುಡುಕಾಟದಲ್ಲಿ ಬರುವುದಿಲ್ಲ, ಹಳೆಯ ಇಮೇಲ್‌ನಲ್ಲಿರುವ ಲಿಂಕ್ ಒತ್ತಿದರೂ ತೆರೆಯುವುದಿಲ್ಲ. ದತ್ತಾಂಶ ಡೇಟಾಬೇಸಿನಲ್ಲಿ ಹಾಗೇ ಇರುತ್ತದೆ, ಅಡ್ಮಿನ್ ಬೇಕೆಂದಾಗ ಮರಳಿ ತರಬಹುದು. ಆದರೆ ಇದೆಯೆಂದು ಗೊತ್ತಿದ್ದವರಿಗಷ್ಟೇ ಅದನ್ನು ಕೇಳಲು ತೋಚುತ್ತದೆ. ಮುಗಿದ ಪ್ರಾಜೆಕ್ಟಿಗೆ ಮೊದಲು ಬೇಕಾದದ್ದು `Close`. `Archive` ಏನಿದ್ದರೂ ಆಮೇಲಿನ ಮಾತು.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಒಂದು ಸಣ್ಣ ಕಂಪನಿ, ನಾಲ್ಕೈದು ಊರುಗಳಲ್ಲಿ ಮಳಿಗೆಗಳಿರುವ ಬಟ್ಟೆ ವ್ಯಾಪಾರಿಯೊಬ್ಬರಿಗೆ ಬಿಲ್ಲಿಂಗ್ ತಂತ್ರಾಂಶ ಮಾಡಿಕೊಟ್ಟಿದೆ. ಕೆಲಸ 2025ರ ಮಾರ್ಚ್‌ನಲ್ಲಿ ಮುಗಿದಿದೆ. ರೆಡ್‌ಮೈನ್‌ನಲ್ಲಿ 1,840 ಟಿಕೆಟ್‌ಗಳಿವೆ, ಅವುಗಳಲ್ಲಿ 37 ಇನ್ನೂ ತೆರೆದೇ ಇವೆ.

ಮೊದಲು ಆ 37ರ ಕಥೆ ಮುಗಿಯಬೇಕು. `Close` ಮಾಡಿದ ಮೇಲೆ ಟಿಕೆಟ್‌ಗಳನ್ನು ತಿದ್ದಲು ಬರುವುದಿಲ್ಲವಾದ್ದರಿಂದ ತೆರೆದ ಟಿಕೆಟ್ ಹಾಗೇ ಹೆಪ್ಪುಗಟ್ಟಿ ನಿಲ್ಲುತ್ತದೆ. ಎರಡು ವರ್ಷ ಬಿಟ್ಟು ನೋಡಿದವರಿಗೆ ಆ ಕೆಲಸ ಬಾಕಿ ಉಳಿಯಿತೋ, ಬೇಡವೆಂದು ಕೈಬಿಟ್ಟದ್ದೋ ಗೊತ್ತಾಗುವುದಿಲ್ಲ. ನಿರ್ವಹಣೆಯ ಕೆಲಸವಾಗಿ ಮುಂದುವರಿಯುವಂಥವನ್ನು ನಿರ್ವಹಣೆಯ ಪ್ರಾಜೆಕ್ಟಿಗೆ ಸಾಗಿಸಬೇಕು. ರೆಡ್‌ಮೈನ್‌ನಲ್ಲಿ ಟಿಕೆಟ್ ಪ್ರಾಜೆಕ್ಟ್ ಬದಲಿಸಿದರೂ ಅದರ ಸಂಖ್ಯೆ ಬದಲಾಗುವುದಿಲ್ಲ, ಹಾಗಾಗಿ ಹಳೆಯ ಪತ್ರಗಳಲ್ಲಿ ಬರೆದ ಸಂಖ್ಯೆ ಕೆಡುವುದಿಲ್ಲ. ಮಿಕ್ಕವಕ್ಕೆ ಯಾಕೆ ಮಾಡಲಿಲ್ಲ ಎಂದು ಒಂದು ಸಾಲು ಬರೆದು ಮುಚ್ಚಬೇಕು. ನಾಳೆ ತಕರಾರು ಬಂದರೆ ಆ ಒಂದು ಸಾಲೇ ಸಾಕ್ಷಿ.

ಎರಡನೆಯ ಕೆಲಸ ಇದಕ್ಕಿಂತ ಕಷ್ಟದ್ದು. ಬಿಲ್ಲಿಂಗ್ ದೋಷ ತೋರಿಸಲು ಮಳಿಗೆಯವರು ಸ್ಕ್ರೀನ್‌ಶಾಟ್ ಕಳಿಸಿರುತ್ತಾರೆ. ಅದರಲ್ಲಿ ಬಟ್ಟೆ ಕೊಂಡವರ ಹೆಸರು, ಫೋನ್ ನಂಬರ್ ಇರುತ್ತದೆ. ಪರೀಕ್ಷೆಗೆಂದು ಯಾರೋ ಇಡೀ ಗ್ರಾಹಕರ ಪಟ್ಟಿಯನ್ನೇ ಲಗತ್ತಿಸಿರುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಯಾವ ಉದ್ದೇಶಕ್ಕೆ ಇಂಥ ಮಾಹಿತಿ ಪಡೆದರೋ ಅದು ಮುಗಿದ ಮೇಲೆ, ಬೇರೆ ಕಾನೂನು ಇಟ್ಟುಕೊಳ್ಳಿ ಎನ್ನದಿದ್ದರೆ ಅಳಿಸಬೇಕು. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹೊಣೆಗಳು ಹಂತಹಂತವಾಗಿ ಜಾರಿಗೆ ಬರುತ್ತಿವೆ. ದೋಷ ಸರಿಹೋದ ಮೇಲೆ ಆ ಸ್ಕ್ರೀನ್‌ಶಾಟ್‌ನ ಉದ್ದೇಶ ಮುಗಿದಂತೆಯೇ.

ಇಲ್ಲಿ ಅನೇಕರು ಎಡವುವ ಒಂದು ಜಾಗವಿದೆ. ಟಿಕೆಟ್ಟಿನ ವಿವರಣೆಯಲ್ಲಿ ಯಾರದೋ ಫೋನ್ ನಂಬರ್ ಇದೆ ಎಂದುಕೊಳ್ಳಿ. ಅದನ್ನು ಅಳಿಸಿ ಉಳಿಸಿದರೆ ಪುಟದಲ್ಲಿ ನಂಬರ್ ಕಾಣುವುದಿಲ್ಲ. ಆದರೆ ಕೆಳಗಿನ ಇತಿಹಾಸದಲ್ಲಿ “ವಿವರಣೆ ಬದಲಾಗಿದೆ” ಎಂಬ ಹೊಸ ನಮೂದು ಬಂದಿರುತ್ತದೆ. ಅದರ ಪಕ್ಕದ `diff` ಒತ್ತಿದರೆ ಅಳಿಸಿದ ಭಾಗ ಕೆಂಪು ಬಣ್ಣದಲ್ಲಿ, ನಂಬರಿನ ಸಮೇತ, ಎದುರಿಗೇ ಬರುತ್ತದೆ. ಯಾರು ಯಾವಾಗ ಏನು ಬದಲಿಸಿದರು ಎಂದು ನೆನಪಿಡುವುದೇ ಟ್ರ್ಯಾಕರಿನ ಧರ್ಮ, ಹಾಗಾಗಿ ಹಳೆಯ ಪಠ್ಯವನ್ನು ಅದು ಜೋಪಾನ ಮಾಡಿರುತ್ತದೆ. ಲಗತ್ತುಗಳ ವಿಷಯ ಬೇರೆ: ಲಗತ್ತನ್ನು ತೆಗೆದರೆ ಕಡತ ನಿಜಕ್ಕೂ ಹೋಗುತ್ತದೆ, ಅದರ ಹೆಸರು ಮಾತ್ರ ಇತಿಹಾಸದಲ್ಲಿ ಉಳಿಯುತ್ತದೆ. ವಿವರಣೆಯ ಹಳೆಯ ಆವೃತ್ತಿಯನ್ನು ತೆಗೆಯಬೇಕಾದರೆ ಡೇಟಾಬೇಸ್ ಬಲ್ಲವರು `journal_details` ಕೋಷ್ಟಕದಲ್ಲಿರುವ ಹಳೆಯ ಪಠ್ಯವನ್ನೇ ತಿದ್ದಬೇಕಾಗುತ್ತದೆ. ಅದಕ್ಕೆ ಮೊದಲು ಬ್ಯಾಕಪ್ ತೆಗೆದಿರಬೇಕು. ತಿದ್ದಿದ್ದು ಯಾಕೆಂದು ಟಿಕೆಟ್ಟಿನಲ್ಲಿ ಬರೆದಿರಬೇಕು.

ಮೂರನೆಯದು, ಮುಂದೆ ಹುಡುಕಿದವರಿಗೆ ಸಿಗುವಂತೆ ಮಾಡುವುದು. ರೆಡ್‌ಮೈನ್ ಟಿಕೆಟ್ಟಿನ ಶೀರ್ಷಿಕೆ, ವಿವರಣೆ, ಟಿಪ್ಪಣಿಗಳಲ್ಲಿ ಹುಡುಕುತ್ತದೆ. ಲಗತ್ತುಗಳಲ್ಲಿ ಹುಡುಕು ಎಂದರೆ ಕಡತದ ಹೆಸರನ್ನೂ ಅದಕ್ಕೆ ಕೊಟ್ಟ ವಿವರವನ್ನೂ ನೋಡುತ್ತದೆಯೇ ಹೊರತು ಪಿಡಿಎಫ್ ಒಳಗೆ ಇಣುಕುವುದಿಲ್ಲ. ವ್ಯಾಪಾರಿಯವರು ರಿಯಾಯಿತಿ ಬದಲಾವಣೆಗೆ ಸಹಿ ಹಾಕಿ ಕಳಿಸಿದ ಪತ್ರ `scan_0043.pdf` ಎಂಬ ಹೆಸರಿನಲ್ಲಿ ಕೂತಿದ್ದರೆ, “ರಿಯಾಯಿತಿ” ಎಂದು ಎಷ್ಟು ಸಲ ಹುಡುಕಿದರೂ ಅದು ಬರುವುದಿಲ್ಲ. ಎಲ್ಲ ಲಗತ್ತುಗಳಿಗೂ ಹೆಸರಿಡುತ್ತ ಕೂರಬೇಕಿಲ್ಲ. ಒಪ್ಪಂದ, ಒಪ್ಪಿಗೆ ಪತ್ರ, ಹಸ್ತಾಂತರ ಪತ್ರ, ಈ ಮೂರು ಬಗೆಯವಕ್ಕೆ ಸರಿಯಾದ ವಿವರ ಬರೆದು, ಪ್ರಾಜೆಕ್ಟಿನ ವಿಕಿಯಲ್ಲಿ ಒಂದೇ ಪುಟದ ಸಾರಾಂಶ ಮಾಡಿ, ಮುಖ್ಯ ಟಿಕೆಟ್‌ಗಳ ಸಂಖ್ಯೆ ಕೊಟ್ಟರೆ ಸಾಕು.

ಕನ್ನಡದಲ್ಲಿ ಟಿಕೆಟ್ ಬರೆಯುವವರಿಗೆ ಇನ್ನೊಂದು ತೊಡಕಿದೆ. “ಸಾಫ್ಟ್‌ವೇರ್” ಎಂದು ಟೈಪ್ ಮಾಡುವಾಗ ಅರ್ಧಾಕ್ಷರದ ಕೆಳಗೆ ಒತ್ತು ಬೀಳದಿರಲೆಂದು ಕೆಲವರು ಕಣ್ಣಿಗೆ ಕಾಣದ ಒಂದು ಯುನಿಕೋಡ್ ಚಿಹ್ನೆ ಸೇರಿಸುತ್ತಾರೆ, ಕೆಲವರು ಸೇರಿಸುವುದಿಲ್ಲ. ಕಂಪ್ಯೂಟರಿಗೆ ಅವೆರಡೂ ಬೇರೆ ಪದಗಳು. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಹಳೆಯ ನುಡಿ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಹಾಗೇ ತಂದು ಅಂಟಿಸಿದ್ದರಂತೂ ಒಳಗಿರುವುದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿ. ಪ್ರಾಜೆಕ್ಟ್ ಮುಚ್ಚುವ ಮುನ್ನ ನಾಲ್ಕಾರು ಮುಖ್ಯ ಪದಗಳನ್ನು ಎರಡೂ ರೀತಿಯಲ್ಲಿ ಹುಡುಕಿ ನೋಡಿ. ಒಂದೊಂದಕ್ಕೆ ಒಂದೊಂದು ಫಲಿತಾಂಶ ಬಂದರೆ ಸಾರಾಂಶದ ಪುಟದಲ್ಲಿ ಎರಡೂ ರೂಪಗಳನ್ನು ಬರೆದಿಡಿ.

ಈಗ ಎಷ್ಟು ವರ್ಷ ಇಡಬೇಕು ಎಂಬ ಪ್ರಶ್ನೆ. ಟಿಕೆಟ್‌ಗಳೆಲ್ಲ ಲೆಕ್ಕಪುಸ್ತಕಗಳಲ್ಲ. ಆದರೆ ಟಿಕೆಟ್ಟಿನಲ್ಲಿ ದಾಖಲಾದ ಗಂಟೆಗಳ ಮೇಲೆ ವ್ಯಾಪಾರಿಗೆ ಬಿಲ್ ಹಾಕಿದ್ದರೆ, ಆ ಬಿಲ್ಲಿಗೆ ಆಧಾರ ಅದೇ. ಕಂಪನಿ ಕಾಯ್ದೆ 2013ರ 128ನೇ ಕಲಂ ಲೆಕ್ಕಪುಸ್ತಕಗಳನ್ನೂ ಅವುಗಳ ವೋಚರ್‌ಗಳನ್ನೂ ಹಿಂದಿನ ಎಂಟು ಹಣಕಾಸು ವರ್ಷಗಳಷ್ಟು ಕಾಪಾಡಿ ಎನ್ನುತ್ತದೆ. ಅಂದರೆ 2024–25ರ ದಾಖಲೆ 2033ರ ಮಾರ್ಚ್ 31ರವರೆಗೆ ಇರಬೇಕು. ಜಿಎಸ್‌ಟಿ ಕಾನೂನು ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಎನ್ನುತ್ತದೆ. ಆ ದಿನ 2025ರ ಡಿಸೆಂಬರ್ 31 ಎಂದು ಹಿಡಿದರೆ 2031ರ ಕೊನೆಯವರೆಗೆ. ಕರಾರಿನ ತಕರಾರುಗಳಿಗೆ ಸಾಮಾನ್ಯವಾಗಿ ಇರುವ ಕಾಲಮಿತಿ ಮೂರು ವರ್ಷ. ಇವುಗಳಲ್ಲಿ ತೀರ ದೂರದ ದಿನವೇ ಬಿಲ್ಲಿಗೆ ಆಧಾರವಾದ ಟಿಕೆಟ್‌ಗಳಿಗೆ ಅನ್ವಯ. ಯಾವುದು ವೋಚರ್ ಎನಿಸುತ್ತದೆ ಎಂಬುದನ್ನು ನಿಮ್ಮ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿಬಿಡಿ. ಗ್ರಾಹಕರ ಜೊತೆಗಿನ ಒಪ್ಪಂದದಲ್ಲಿ ಬೇರೆ ಅವಧಿ ಬರೆದಿದೆಯೇ ಎಂದೂ ನೋಡಿ.

ಹೀಗೆ ಒಂದೇ ಪ್ರಾಜೆಕ್ಟಿನೊಳಗೆ ಎರಡು ಗಡುವುಗಳು: ಇಷ್ಟು ದಿನ ಇಡಲೇಬೇಕು ಎಂಬುದು ಒಂದು, ಇಷ್ಟರ ಮೇಲೆ ಇಡಬಾರದು ಎಂಬುದು ಇನ್ನೊಂದು. ಬಿಲ್ಲಿನ ಆಧಾರ 2033ರವರೆಗೆ, ಕೊಳ್ಳುವವರ ಫೋನ್ ನಂಬರ್ ಈ ವಾರವೇ ಹೊರಗೆ. ವೈಯಕ್ತಿಕ ಮಾಹಿತಿಯನ್ನು ಮೊದಲೇ ಬೇರ್ಪಡಿಸಿದರಷ್ಟೇ ಉಳಿದದ್ದನ್ನು ನಿಶ್ಚಿಂತೆಯಿಂದ ದೀರ್ಘಕಾಲ ಇಡಬಹುದು.

ಬೀಗ ಹಾಕುವ ಮುನ್ನ ಹೊರಗೊಂದು ಪ್ರತಿ ಬೇಕು. ಇಲ್ಲಿ ಸಿಎಸ್‌ವಿ ರಫ್ತನ್ನು ನಂಬಿ ಕೂರಬೇಡಿ. ರೆಡ್‌ಮೈನ್ ಒಮ್ಮೆಗೆ ರಫ್ತು ಮಾಡುವ ಟಿಕೆಟ್‌ಗಳ ಮಿತಿ, ಯಾರೂ ಬದಲಿಸದಿದ್ದರೆ, 500. ನಮ್ಮ 1,840ರಲ್ಲಿ 1,340 ಟಿಕೆಟ್ ಹೊರಗೇ ಉಳಿದರೂ ಕಡತ ನೋಡಲು ಸರಿಯಾಗಿಯೇ ಇರುತ್ತದೆ. ಹಾಗಾಗಿ ಸಾಲುಗಳನ್ನು ಎಣಿಸಿ. ಮಿತಿ ಹೆಚ್ಚಿಸಿದರೂ ಟಿಕೆಟ್ಟಿನ ಕೆಳಗೆ ನಡೆದ ಪೂರ್ತಿ ಮಾತುಕತೆ ಸಿಎಸ್‌ವಿಯಲ್ಲಿ ಬರುವುದಿಲ್ಲ. ಪೂರ್ತಿ ಪ್ರತಿ ಎಂದರೆ ಡೇಟಾಬೇಸಿನ ಡಂಪ್ ಜೊತೆಗೆ ಸರ್ವರಿನ `files` ಫೋಲ್ಡರ್. ಲಗತ್ತುಗಳು ಇರುವುದು ಆ ಫೋಲ್ಡರಿನಲ್ಲಿ. ಅದಿಲ್ಲದ ಡಂಪ್‌ನಲ್ಲಿ ಲಗತ್ತುಗಳ ಹೆಸರಿರುತ್ತದೆ, ಕಡತ ಇರುವುದಿಲ್ಲ.

ಇಷ್ಟಾದ ಮೇಲೆ `Close`. ಒಳಗಿನ ಉಪಪ್ರಾಜೆಕ್ಟುಗಳೂ ಜೊತೆಗೇ ಮುಚ್ಚುತ್ತವೆ, ಆದ್ದರಿಂದ ನಿರ್ವಹಣೆಯ ಪ್ರಾಜೆಕ್ಟ್ ಅದರಡಿಯಲ್ಲಿದ್ದರೆ ಮೊದಲೇ ಹೊರಗೆ ತನ್ನಿ. ನೋಡುವ ಹಕ್ಕನ್ನು ಬಿಡಿ ವ್ಯಕ್ತಿಗಳಿಗಲ್ಲ, ಗುಂಪಿಗೆ ಕೊಡಿ. ಕೆಲಸ ಮಾಡಿದ ಮೂವರೂ ಕಂಪನಿ ಬಿಟ್ಟು ಹೋದರೆ ಖಾಸಗಿ ಪ್ರಾಜೆಕ್ಟ್ ಅಡ್ಮಿನ್ ಬಿಟ್ಟು ಯಾರಿಗೂ ಕಾಣದಂತಾಗುತ್ತದೆ. ಪರೀಕ್ಷೆಯನ್ನು ಅಡ್ಮಿನ್ ಖಾತೆಯಿಂದ ಮಾಡಬೇಡಿ, ಅವರಿಗೆ ಹೇಗೂ ಎಲ್ಲ ಕಾಣುತ್ತದೆ. ಸಾಮಾನ್ಯ ಉದ್ಯೋಗಿಯ ಖಾತೆಯಿಂದ ಲಾಗಿನ್ ಆಗಿ ಒಂದು ಟಿಕೆಟ್ ಸಂಖ್ಯೆ, ಒಂದು ಪದ, ಒಂದು ಲಗತ್ತಿನ ಹೆಸರು ಹುಡುಕಿ. ಮೂರೂ ಸಿಕ್ಕಿ, ತಿದ್ದುವ ಅವಕಾಶ ಕಾಣದಿದ್ದರೆ ಕೆಲಸ ಸರಿಯಾಗಿದೆ.

2033ರ ಏಪ್ರಿಲ್‌ನಲ್ಲಿ ಇದನ್ನೆಲ್ಲ ಅಳಿಸಬೇಕೆಂದು ರೆಡ್‌ಮೈನ್ ತಾನಾಗಿ ನೆನಪಿಡುವುದಿಲ್ಲ. ಚಾಲ್ತಿಯಲ್ಲಿರುವ ಆಡಳಿತ ಪ್ರಾಜೆಕ್ಟೊಂದರಲ್ಲಿ ಆ ದಿನಾಂಕದ ಗಡುವಿನೊಂದಿಗೆ ಟಿಕೆಟ್ ತೆರೆದು, ಯಾವ ಪ್ರಾಜೆಕ್ಟ್, ಯಾವ ಕಾನೂನಿನ ಲೆಕ್ಕ, ಬ್ಯಾಕಪ್ ಎಲ್ಲಿದೆ ಎಂದು ಬರೆಯಿರಿ. ಅದನ್ನು ವ್ಯಕ್ತಿಯ ಹೆಸರಿಗಿಂತ ಹುದ್ದೆಯೊಂದಕ್ಕೆ ಅಥವಾ ಗುಂಪಿಗೆ ವಹಿಸುವುದು ಕ್ಷೇಮ. ಆ ದಿನ ಬಂದಾಗ ಮೊದಲ ಪ್ರಶ್ನೆ, ಈ ಬಗ್ಗೆ ಯಾವುದಾದರೂ ವ್ಯಾಜ್ಯ ನಡೆಯುತ್ತಿದೆಯೇ? ನಡೆಯುತ್ತಿದ್ದರೆ ತೀರ್ಮಾನವಾಗುವವರೆಗೆ ಏನನ್ನೂ ಮುಟ್ಟಬಾರದು. ಇಲ್ಲವಾದರೆ ಪ್ರಾಜೆಕ್ಟನ್ನೂ, ಹೊರಗಿಟ್ಟ ಪ್ರತಿಯನ್ನೂ ಅಳಿಸಿ, ಹಳೆಯ ಬ್ಯಾಕಪ್‌ಗಳು ಸರದಿಯಂತೆ ಹೋಗುವ ದಿನವನ್ನು ಗುರುತು ಹಾಕಿಕೊಳ್ಳಬೇಕು. ಕೊನೆಯ ಬ್ಯಾಕಪ್ ಹೋದ ದಿನವೇ ಆ ಟಿಕೆಟ್ಟನ್ನು ಮುಚ್ಚುವ ದಿನ.