ಯಾವುದು x, ಯಾವುದು y?

ಕಳೆದ ಕಿರು ಪರೀಕ್ಷೆಯಲ್ಲಿ ಬೇಸಿಕ್ ಮ್ಯಾಥ್ಸ್ ಪತ್ರಿಕೆಯಲ್ಲಿ ಒಂದು ಪ್ರಶ್ನೆ ಇತ್ತು. x + y = 5 ಮತ್ತು xy = 3 ಆದರೆ x³ + y³ ಎಷ್ಟು? ನಾನು ಯೋಚನೆ ಮಾಡದೆ ಐದರ ಘನ 125 ಎಂದು ಬರೆದು ಮುಂದಿನ ಪ್ರಶ್ನೆಗೆ ಹೋದೆ. ಮೂರು ಅಂಕವೂ ಹೋಯಿತು. ಸರಿಯಾದ ಉತ್ತರ 80.

ಮೇಡಂ ಉತ್ತರ ಪತ್ರಿಕೆ ಕೊಡುವಾಗ ಒಂದೇ ಮಾತು ಕೇಳಿದರು: "xy = 3 ಅಂತ ಕೊಟ್ಟಿದ್ದಾರಲ್ಲ, ಅದನ್ನು ನೀನು ಎಲ್ಲಿ ಉಪಯೋಗಿಸಿದೆ?" ನಾನು ಎಲ್ಲೂ ಉಪಯೋಗಿಸಿರಲಿಲ್ಲ. ತಪ್ಪಾಗಿದೆ ಎನ್ನುವುದಕ್ಕೆ ಅದೇ ಗುರುತಾಗಿತ್ತು.

ಕೆಲವು ದಿನಗಳ ನಂತರ ಹತ್ತನೇ ತರಗತಿಯಲ್ಲಿ ಓದುವ ನನ್ನ ತಮ್ಮ ಅದೇ ಲೆಕ್ಕಕ್ಕೆ ಕುಳಿತ. ಅವನು ನನ್ನ ಹಾಗೆ ಅವಸರ ಮಾಡಲಿಲ್ಲ. y = 5 − x ಎಂದು ಹಾಕಿ x² − 5x + 3 = 0 ಎಂಬ ವರ್ಗ ಸಮೀಕರಣ ಮಾಡಿಕೊಂಡ. ಸೂತ್ರ ಹಾಕಿದಾಗ (5 + √13)/2 ಮತ್ತು (5 − √13)/2 ಎಂಬ ಎರಡು ಮೂಲಗಳು ಬಂದವು. ಅಲ್ಲಿ ನಿಂತು ಕೇಳಿದ: "ಆಪಾ, ಇದರಲ್ಲಿ ಯಾವುದು x, ಯಾವುದು y?"

ಪ್ರಶ್ನೆಯಲ್ಲಿ ಅದನ್ನು ಹೇಳಿಯೇ ಇಲ್ಲ. ಮೊದಲನೆಯದನ್ನು x ಎಂದುಕೊಂಡರೂ ಮೊತ್ತ 5, ಗುಣಲಬ್ಧ 3. ಅದಲು ಬದಲು ಮಾಡಿದರೂ ಅಷ್ಟೇ. ಹಾಗೆಯೇ x³ + y³ ಕೂಡ ಅದಲು ಬದಲಿನಿಂದ ಬದಲಾಗುವುದಿಲ್ಲ. ಆದ್ದರಿಂದ x ಮತ್ತು y ಬೇರೆ ಬೇರೆಯಾಗಿ ಗೊತ್ತಿಲ್ಲದೆಯೂ ಉತ್ತರ ಸಿಗಬಹುದು. ವರ್ಗಮೂಲವಿರುವ ಸಂಖ್ಯೆಯ ಘನ ಮಾಡುವ ಕಷ್ಟ ಬೇಡ.

ದಾರಿ ಇದು. (x + y)³ ಅನ್ನು ಬಿಡಿಸಿದರೆ x³ + 3x²y + 3xy² + y³ ಬರುತ್ತದೆ. ನಡುವಿನ ಎರಡು ಪದಗಳಲ್ಲಿ 3xy ಅನ್ನು ಹೊರಗೆ ತೆಗೆದರೆ ಉಳಿಯುವುದು x + y. ಹಾಗಾಗಿ

x³ + y³ = (x + y)³ − 3xy(x + y)

ಇಲ್ಲಿ 125 − 3 × 3 × 5 = 125 − 45 = 80. ನನ್ನ ಉತ್ತರದಲ್ಲಿ ಹೆಚ್ಚಾಗಿದ್ದದ್ದು ಈ 45.

x ಮತ್ತು y ಗಳ ಸ್ಥಾನ ಬದಲಿಸಿದರೂ ಬದಲಾಗದ ಬಹುಪದಕ್ಕೆ ಸಮಮಿತ ಬಹುಪದ ಎನ್ನುತ್ತಾರೆ. x + y ಯನ್ನು s ಎಂದೂ xy ಯನ್ನು p ಎಂದೂ ಕರೆಯೋಣ. ಎರಡು ಅಕ್ಷರಗಳ ಯಾವ ಸಮಮಿತ ಬಹುಪದವಾದರೂ s ಮತ್ತು p ಗಳಿಂದಲೇ ಬರೆಯಬಹುದು. ಇದು ಮೊದಲು ನನಗೆ ನಂಬಲಾಗಲಿಲ್ಲ. ಘನಕ್ಕೆ ಸರಿ, ಐದನೇ ಘಾತಕ್ಕೂ ಆಗುತ್ತದೆಯೇ?

ಆಗುತ್ತದೆ, ಮೆಟ್ಟಿಲು ಹತ್ತಿದ ಹಾಗೆ. x² + y² ಅನ್ನು x + y ಯಿಂದ ಗುಣಿಸಿ ನೋಡಿ. x³ + y³ ಬರುತ್ತದೆ, ಜೊತೆಗೆ x²y + xy² ಎಂಬ ಹೆಚ್ಚುವರಿ ಬರುತ್ತದೆ. ಆ ಹೆಚ್ಚುವರಿ ಎಂದರೆ xy(x + y). ಅದನ್ನು ಕಳೆದುಬಿಟ್ಟರೆ ಘನಗಳ ಮೊತ್ತ ಸಿಕ್ಕಿತು. ಪ್ರತಿ ಮೆಟ್ಟಿಲಿನಲ್ಲೂ ಹೀಗೆಯೇ ಆಗುತ್ತದೆ. n ನೇ ಘಾತಗಳ ಮೊತ್ತವನ್ನು Sₙ ಎಂದು ಬರೆದರೆ

Sₙ = s × Sₙ₋₁ − p × Sₙ₋₂

ಲೆಕ್ಕಪತ್ರದಲ್ಲಿ ಹಿಂದಿನ ಬಾಕಿಯನ್ನು ಮುಂದಿನ ಪುಟಕ್ಕೆ ತರುವ ಹಾಗೆ ಇಲ್ಲಿ ಹಿಂದಿನ ಎರಡು ಉತ್ತರಗಳನ್ನು ಮುಂದಕ್ಕೆ ತರುತ್ತೇವೆ. ಪ್ರಾರಂಭಕ್ಕೆ S₀ = 1 + 1 = 2 ಮತ್ತು S₁ = s. ನಮ್ಮ ಲೆಕ್ಕದಲ್ಲಿ s = 5, p = 3:

S₂ = 5 × 5 − 3 × 2 = 19
S₃ = 5 × 19 − 3 × 5 = 80
S₄ = 5 × 80 − 3 × 19 = 343
S₅ = 5 × 343 − 3 × 80 = 1475

ತಮ್ಮ ಕ್ಯಾಲ್ಕುಲೇಟರ್ ತೆಗೆದು x ಅನ್ನು 4.3028, y ಅನ್ನು 0.6972 ಎಂದು ಹಾಕಿ ಐದನೇ ಘಾತ ನೋಡಿದ. ಎರಡನ್ನೂ ಕೂಡಿದಾಗ ಸುಮಾರು 1475 ಬಂತು. √13 ಎಲ್ಲೂ ಉಳಿಯಲಿಲ್ಲ. s ಮತ್ತು p ಪೂರ್ಣಾಂಕಗಳಾದರೆ ಪ್ರತಿ ಮೆಟ್ಟಿಲಿನಲ್ಲೂ ನಾವು ಮಾಡುವುದು ಗುಣಿಸುವುದು ಮತ್ತು ಕಳೆಯುವುದು ಮಾತ್ರ. ಹಾಗಾಗಿ ಉತ್ತರವೂ ಯಾವಾಗಲೂ ಪೂರ್ಣಾಂಕವೇ. ನಾಲ್ಕನೇ ಘಾತದವರೆಗಿನ ಇಂಥ ಸೂತ್ರಗಳನ್ನು ಆಲ್ಬರ್ಟ್ ಗಿರಾರ್ ಎಂಬ ಗಣಿತಜ್ಞ 1629ರಲ್ಲೇ ತನ್ನ ಪುಸ್ತಕದಲ್ಲಿ ಕೊಟ್ಟಿದ್ದಾನೆ.

ಬೇರೆ ರೂಪದ ಸಮಮಿತ ಬಹುಪದಗಳೂ ಈ ಮೆಟ್ಟಿಲಿಗೇ ಬಂದು ಸೇರುತ್ತವೆ. x⁵y² + x²y⁵ ಅನ್ನು ನೋಡಿ. ಎರಡೂ ಪದಗಳಲ್ಲಿ x²y² ಇದೆ. ಅದನ್ನು ಹೊರಗೆ ತೆಗೆದರೆ x²y²(x³ + y³), ಅಂದರೆ 9 × 80 = 720. ಸಮಮಿತ ಬಹುಪದದಲ್ಲಿ ಪ್ರತಿ ಪದಕ್ಕೂ ಅದರ ಅದಲು ಬದಲಿನ ಜೋಡಿ ಇದ್ದೇ ಇರುತ್ತದೆ, ಇಲ್ಲವೇ ಆ ಪದ xy ಯ ಘಾತವೇ ಆಗಿರುತ್ತದೆ. ಆದ್ದರಿಂದ ಈ ಉಪಾಯ ಎಲ್ಲದಕ್ಕೂ ಸಾಲುತ್ತದೆ.

ಆದರೆ x³ − y³ ಕೇಳಿದರೆ? ಸ್ಥಾನ ಬದಲಿಸಿದರೆ ಇದರ ಚಿಹ್ನೆ ಬದಲಾಗುತ್ತದೆ. ಹಾಗಾಗಿ s ಮತ್ತು p ಗಳ ಬಹುಪದವಾಗಿ ಇದನ್ನು ಬರೆಯಲಾಗದು. ಇಲ್ಲಿ (x − y)² = s² − 4p ಎಂಬುದನ್ನು ಹಿಡಿಯಬೇಕು. ಅದು 25 − 12 = 13. ಆದ್ದರಿಂದ x − y ಎಂದರೆ √13 ಅಥವಾ −√13. ಇದನ್ನು x² + xy + y² ಯಿಂದ, ಅಂದರೆ 19 + 3 = 22 ರಿಂದ ಗುಣಿಸಿದರೆ ಉತ್ತರ 22√13 ಅಥವಾ −22√13. x ದೊಡ್ಡದು ಎಂದು ಪ್ರಶ್ನೆಯಲ್ಲಿ ಹೇಳದಿದ್ದರೆ ಎರಡನ್ನೂ ಬರೆಯಬೇಕು. ತಮ್ಮ ಕೇಳಿದ "ಯಾವುದು x" ಎಂಬ ಪ್ರಶ್ನೆ ಇಲ್ಲಿ ನಿಜವಾಗಿಯೂ ಮುಖ್ಯವಾಗುತ್ತದೆ.

ಇನ್ನೊಂದು ಕಡೆ ನಾನು ಎಡವಿದೆ. ತಮ್ಮನಿಗೆ ಲೆಕ್ಕ ಕೊಡೋಣ ಎಂದು ಮನಸ್ಸಿಗೆ ಬಂದ ಹಾಗೆ x + y = 2, xy = 3 ಎಂದು ಬರೆದೆ. S₂ = 4 − 6 = −2 ಬಂತು. ಎರಡು ವರ್ಗಗಳ ಮೊತ್ತ ಋಣ ಸಂಖ್ಯೆ ಆಗುವುದು ಹೇಗೆ? ಸೂತ್ರ ತಪ್ಪಿರಲಿಲ್ಲ. ಮೊತ್ತ 2, ಗುಣಲಬ್ಧ 3 ಇರುವ ವಾಸ್ತವ ಸಂಖ್ಯೆಗಳೇ ಇಲ್ಲ. s² − 4p ಋಣವಾಗಿದ್ದರೆ ಹೀಗಾಗುತ್ತದೆ. ಲೆಕ್ಕ ಕಟ್ಟುವವರು ಮೊದಲು ಇದನ್ನು ನೋಡಿಕೊಳ್ಳಬೇಕು.

ಈಗ ಪರೀಕ್ಷೆಯಲ್ಲಿ ಸೂತ್ರ ನೆನಪಿದೆಯೋ ಇಲ್ಲವೋ ಎಂಬ ಅನುಮಾನ ಬಂದರೆ x = 1, y = 1 ಹಾಕಿ ನೋಡುತ್ತೇನೆ. ಆಗ s = 2, p = 1, ಮತ್ತು x³ + y³ = 2 ಬರಬೇಕು. s³ − 3sp ಯಲ್ಲಿ 8 − 6 = 2, ಸರಿ. ನಾನು ಬರೆದಿದ್ದ s³ ಮಾತ್ರ ಇದ್ದರೆ 8, ತಪ್ಪು. ಹತ್ತು ಸೆಕೆಂಡಿನ ಈ ಕೆಲಸ ಮಾಡಿದ್ದರೆ ಆ ಮೂರು ಅಂಕ ಉಳಿಯುತ್ತಿತ್ತು.

ನಿಮಗೂ ಒಂದು ಲೆಕ್ಕ: x + 1/x = 3 ಆದರೆ x⁵ + 1/x⁵ ಎಷ್ಟು? ಇಲ್ಲಿ y ಎಂದರೆ 1/x. ಹಾಗಾದರೆ p ಎಷ್ಟು ಎಂದು ಮೊದಲು ಯೋಚಿಸಿ, ಆಮೇಲೆ ಮೆಟ್ಟಿಲು ಹತ್ತಿ. 123 ಬಂದರೆ ಸರಿ.